ನಮ್ಮ ಬಾಗಿಲ ಮುಂದಿನ ಮೀಟರ್

ನನ್ನ ನೆಗೆಣ್ಣಿಗೂ ನನಗೂ ಮಾತು ನಿಂತು ಆಗ ಎರಡು ವರ್ಷವಾಗಿತ್ತು. ಮಾತು ನಿಂತಿತ್ತು ಎಂದರೆ ಜಗಳ ನಿಂತಿತ್ತು ಎಂದಲ್ಲ, ಅದಕ್ಕೆ ಫೋನಿತ್ತು. ಅವಳು ನನ್ನ ಮೈದುನನ ಹೆಂಡತಿ. ವಯಸ್ಸಿನಲ್ಲಿ ನನಗಿಂತ ಎಂಟು ವರ್ಷ ಸಣ್ಣವಳು, ನಾಲಿಗೆ ಮಾತ್ರ ನನ್ನದಕ್ಕಿಂತ ಒಂದು ಗೇಣು ಉದ್ದ. ರಂಗಂಪೇಟೆಯ ನಮ್ಮ ಮನೆ ಪಾಲಾದಾಗ ಪಡಸಾಲೆಯ ನಡುವೆ ಗೋಡೆ ಎದ್ದಿತು, ಬೀದಿಗೆ ಎರಡು ಬಾಗಿಲಾದವು. ಎಡಗಡೆಯ ಬಾಗಿಲು ನಮ್ಮದು, ಬಲಗಡೆಯದು ಅವರದು. ನೀರಿನ ಪೈಪು ಮಾತ್ರ ಬೀದಿಯಿಂದ ಒಂದೇ ಬರುತ್ತಿತ್ತು. ಕಟ್ಟೆಯ ಮುಂದೆ ಅದನ್ನು ಎರಡಾಗಿ ಒಡೆದು, ಒಂದೇ ಗುಂಡಿಯಲ್ಲಿ ಅಕ್ಕಪಕ್ಕ ಎರಡು ಡಿಜಿಟಲ್ ಮೀಟರ್ ಕೂರಿಸಿ, ಮೇಲೆ ಕಬ್ಬಿಣದ ಮುಚ್ಚಳ ಹಾಕಿದ್ದರು. ಎಡದ ಮೀಟರ್ ನಮ್ಮದು, ಬಲದ್ದು ಅವರದು.

ನೀರು ಬರುತ್ತಿದ್ದುದು ಮೂರು ದಿನಕ್ಕೊಮ್ಮೆ, ಬೆಳಿಗ್ಗೆ ಎರಡು ತಾಸು. ಬೇಸಿಗೆ ಬಂತೆಂದರೆ ಆ ಎರಡು ತಾಸು ಎಷ್ಟು ಹೊತ್ತಿಗೆ ಒಂದೂಕಾಲು ತಾಸಾಗುತ್ತದೋ ಹೇಳಲು ಬರುವುದಿಲ್ಲ. ಎರಡೂ ಮನೆಯಲ್ಲಿ ಒಟ್ಟಿಗೆ ನಲ್ಲಿ ತಿರುಗಿಸಿದರೆ ಇಬ್ಬರಿಗೂ ದಾರದಂತೆ ಬರುತ್ತಿತ್ತು. ಅದಕ್ಕಾಗಿ ಆ ಬೇಸಿಗೆಯ ಶುರುವಿನಲ್ಲಿ ನಾವಿಬ್ಬರೂ ಕಟ್ಟೆಯ ಮೇಲೆ ನಿಂತು, ಒಬ್ಬರ ಮುಖ ಒಬ್ಬರು ನೋಡದೆ, ಓಣಿಗೆಲ್ಲ ಕೇಳುವಂತೆ ಕೂಗಾಡಿದಾಗ ನಮ್ಮತ್ತೆ ಕೋಲು ಊರಿಕೊಂಡು ಬಂದು ತೀರ್ಪು ಕೊಟ್ಟರು.

“ನಾಚಿಕಿ ಬಿಟ್ಟಾಕೇರಾ, ಬಾಯಿ ಮುಚ್ಚರಿ. ಒಬ್ಬಾಕಿ ಆದ ಮ್ಯಾಲೆ ಒಬ್ಬಾಕಿ ನೀರು ಹಿಡೀರಿ. ಪ್ರತಿ ತಿಂಗಳ ಒಂದನೇ ತಾರೀಖಿಗೆ ಮೀಟರ್ ನೋಡ್ರಿ. ತಲಿಗೆ ಯಾರು ಕಡಿಮಿ ನೀರು ಬಳಸ್ಯಾರ, ಆ ತಿಂಗಳು ಮೊದಲನೇ ಪಾಳಿ ಅವರದು. ಹರಿಸಿ ಹಾಳು ಮಾಡಾಕಿ ಹಿಂದ ನಿಂದ್ರಲಿ.”

ಅತ್ತೆಯ ಮಾತನ್ನು ಮೀರುವ ಧೈರ್ಯ ನಮ್ಮಿಬ್ಬರಲ್ಲಿ ಯಾರಿಗೂ ಇರಲಿಲ್ಲ. ಗಂಡಸರಂತೂ ಈ ವಿಷಯದಲ್ಲಿ ಬಾಯಿಗೆ ಬೀಗ ಹಾಕಿಕೊಂಡಿದ್ದರು. ಮೊದಲನೇ ಪಾಳಿ ಸಿಕ್ಕವಳಿಗೆ ಭರ್ತಿ ಒಂದು ತಾಸು ನೀರು, ಎರಡನೆಯವಳಿಗೆ ದೇವರು ಕೊಟ್ಟಷ್ಟು. ನಿಯಮ ಮಾಡಿದಾಗ ನಾನು ಒಳಗೊಳಗೇ ಖುಷಿಪಟ್ಟೆ. ಎಸ್ಸೆಸ್ಸೆಲ್ಸಿಯಲ್ಲಿ ಲೆಕ್ಕದಲ್ಲಿ ಶಾಲೆಗೇ ಮೊದಲಿಗಳಾಗಿದ್ದವಳು ನಾನು, ಓಣಿಯ ಮಕ್ಕಳಿಗೆ ಇಪ್ಪತ್ತು ವರ್ಷ ಮನೆಪಾಠ ಹೇಳಿದವಳು. ಲೆಕ್ಕದ ಮೇಲೆ ನಿಂತ ಜಗಳದಲ್ಲಿ ನನ್ನನ್ನು ಸೋಲಿಸುವವರು ಯಾರು ಎಂಬ ಸೊಕ್ಕು.

ಆ ವರ್ಷ ನನಗೆ ಮೊದಲನೇ ಪಾಳಿ ಬೇಕೇ ಬೇಕಿತ್ತು. ಮಗಳು ಚೊಚ್ಚಲ ಹೆರಿಗೆಗೆ ಶಹಾಪುರದಿಂದ ಬಂದಿದ್ದಳು. ಕರೆಯಲು ಹೋದಾಗ ಅವಳ ಅತ್ತೆ, ನನ್ನ ಬೀಗತಿ, ನೇರವಾಗಿ ಅಂದಿದ್ದರು: “ನಿಮ್ಮಲ್ಲಿ ನೀರಿಂದು ತ್ರಾಸ ಅದ ಅಂತ ಕೇಳೀನಿ. ಬಾಣಂತನ ಇಲ್ಲೇ ಆಗಲಿ ಬಿಡ್ರಿ.” ನನಗೆ ಮೈಯೆಲ್ಲ ಉರಿದುಹೋಯಿತು. “ಹಡೆದ ಮಗಳಿಗೆ ಎರಡು ಹಂಡೆ ನೀರು ಹಾಕಲಾರದಷ್ಟು ಗತಿಗೆಟ್ಟಿಲ್ಲರಿ ನಾವು” ಎಂದು ಎದೆ ಬಡಿದುಕೊಂಡು ಕರೆತಂದೆ. ಸುರಪುರದ ಆಸ್ಪತ್ರೆಯಲ್ಲಿ ಹೆಣ್ಣು ಕೂಸಾಯಿತು. ಐದು ತಿಂಗಳು ಇಟ್ಟುಕೊಂಡು, ಮೈ ತುಂಬಿಸಿ, ತೊಟ್ಟಿಲ ಸಮೇತ ಕಳಿಸುತ್ತೇನೆ ಎಂದು ಬೀಗರ ಎದುರು ಹೇಳಿದ ಮಾತು ಅದು. ಬಾಣಂತಿಗೆ ದಿನವೂ ಎಣ್ಣೆ ಹಚ್ಚಿ ಬಿಸಿನೀರು ಎರೆಯಬೇಕು, ಕೂಸಿಗೆ ಎರೆಯಬೇಕು, ಬಟ್ಟೆಗಳಂತೂ ಒಗೆದಷ್ಟೂ ರಾಶಿ. ನೀರು ಹೋದರೆ ನನ್ನ ಮಾತು ಹೋದಂತೆ.

ಒಂದನೇ ತಾರೀಖಿನ ಬೆಳಿಗ್ಗೆ ನೆಗೆಣ್ಣಿ ಮುಚ್ಚಳ ತೆಗೆದು ಎರಡೂ ಮೀಟರಿನ ಫೋಟೊ ಹೊಡೆದು ಮನೆಯವರ ಗ್ರೂಪಿಗೆ ಹಾಕುತ್ತಿದ್ದಳು. ಗೋಡೆಯ ಆಚೆ ಅವಳು, ಈಚೆ ನಾನು. ಅವಳ ಬಳೆ ಸದ್ದು ನನಗೆ ಕೇಳುತ್ತದೆ, ಆದರೂ ಮಾತು ವಾಟ್ಸಪ್ಪಿನಲ್ಲೇ ಆಗಬೇಕು. ಕೂಸು ಹುಟ್ಟಿದ ಮೇಲಿನ ಮೊದಲ ಫೋಟೊದಲ್ಲಿ ನಮ್ಮ ಮೀಟರಿನಲ್ಲಿ ಬರೀ ಸೊನ್ನೆಗಳಿದ್ದವು. ಕೆಳಗೆ ಅವಳ ಸಂದೇಶ: “ಅಕ್ಕನ ಮೀಟರ್ ಕೆಟ್ಟದ. ಕೆಟ್ಟದೋ ಕೆಡಿಸ್ಯಾರೋ ದೇವರಿಗೇ ಗೊತ್ತು.”

ನೋಡಿ, ಇವಳಿಗೆ ಏನು ಹೇಳುವುದು? ಮೀಟರಿನ ಕಿಟಕಿ ಬೆರಳುದ್ದ. ಅದರಲ್ಲಿ ಎಂಟು ಅಂಕಿ. ಮೊದಲು ಐದು, ಆಮೇಲೊಂದು ಚುಕ್ಕೆ, ಆಮೇಲೆ ಮೂರು. ಪಕ್ಕದಲ್ಲಿ ಇಂಗ್ಲಿಷಿನ ಎಂ ಅಕ್ಷರ, ಅದರ ತಲೆಯ ಮೇಲೆ ಪುಟ್ಟ ಮೂರು. ಘನ ಮೀಟರ್ ಎಂದು ಅದರ ಅರ್ಥ. ಸ್ವಲ್ಪ ಹೊತ್ತು ಬಿಟ್ಟರೆ ಅದೇ ಕಿಟಕಿಯಲ್ಲಿ ಬೇರೆ ಅಂಕಿ ಬರುತ್ತದೆ, ಆಗ ಎಂ ಮೂರರ ಮುಂದೆ ಗೀಟು ಹಾಕಿ ಎಚ್ ಎಂದಿರುತ್ತದೆ. ಅದು ಆ ಗಳಿಗೆಯಲ್ಲಿ ನೀರು ಗಂಟೆಗೆ ಎಷ್ಟರಂತೆ ಹರಿಯುತ್ತಿದೆ ಎಂಬ ಲೆಕ್ಕ. ನೀರು ಬರದ ದಿನ ಅಲ್ಲಿ ಸೊನ್ನೆಯಲ್ಲದೆ ಇನ್ನೇನಿರಬೇಕು? “ಎಚ್ ಇಲ್ಲದ ಫೋಟೊ ಹಾಕು, ಕಣ್ಣು ಬಿಟ್ಟು ಹೊಡಿ” ಎಂದು ಬರೆದೆ. ಎರಡನೇ ಫೋಟೊ ಬಂತು. ನಮ್ಮದು 00227.906, ಅವರದು 00210.232.

ತಕ್ಷಣ ಅವಳ ಸಂದೇಶ: “ಎರಡು ಲಕ್ಷ ಇಪ್ಪತ್ತೇಳು ಸಾವಿರ ಲೀಟರ್! ಕೆರಿನೇ ಕುಡದಾರ.”

ಚುಕ್ಕೆ ಬಿಟ್ಟು ಓದಿದರೆ ಲೀಟರ್ ಆಗುತ್ತದೆ, ಅದು ಖರೆ. ಒಂದು ಘನ ಮೀಟರ್ ಎಂದರೆ ಸಾವಿರ ಲೀಟರ್, ಚುಕ್ಕೆಯ ಮುಂದಿನ ಮೂರು ಅಂಕಿಯೇ ಬಿಡಿ ಲೀಟರು. ಆದರೆ ಅದು ಮೀಟರ್ ಕೂರಿಸಿದ ದಿನದಿಂದ ಈವರೆಗಿನ ಒಟ್ಟು. ಹೋದ ತಿಂಗಳ ಅಂಕಿ ಕಳೆಯದೆ ಈ ತಿಂಗಳದ್ದು ಹೇಗೆ ತಿಳಿಯಬೇಕು? ಹೋದ ತಿಂಗಳ ಫೋಟೊ ಹುಡುಕಿದೆ. ನಮ್ಮದು 214.386 ಇತ್ತು. ಕಳೆದರೆ 13.520, ಎಂದರೆ ಹದಿಮೂರು ಸಾವಿರದ ಐನೂರ ಇಪ್ಪತ್ತು ಲೀಟರ್. ಅವರದು 198.742 ಇತ್ತು. ಕಳೆದರೆ 11.490, ಹನ್ನೊಂದು ಸಾವಿರದ ನಾನೂರ ತೊಂಬತ್ತು. ಹಾಳೆಯ ಮೇಲೆ ಬರೆದು, ಫೋಟೊ ಹೊಡೆದು ಹಾಕಿದೆ. ನನ್ನ ಕೈಯಾರೆ ನನ್ನ ಸೋಲನ್ನು ಬರೆದಂತಾಯಿತು, ಆದರೆ ಇನ್ನೂ ತಲೆಗೆ ಭಾಗಿಸುವುದು ಬಾಕಿ ಇತ್ತು.

ಅಲ್ಲಿ ಶುರುವಾಯಿತು ನೋಡಿ ನಿಜವಾದ ರಾಮಾಯಣ. ನಮ್ಮ ಮನೆಯಲ್ಲಿ ನಾನು, ಗಂಡ, ಮಗಳು, ಕೂಸು, ಅತ್ತೆ ಎಂದು ಐದು ತಲೆ ಬರೆದೆ. ಅವರ ಮನೆಯಲ್ಲಿ ಗಂಡ ಹೆಂಡತಿ, ಇಬ್ಬರು ಮಕ್ಕಳು, ಅತ್ತೆ ಎಂದು ಅವಳೂ ಐದು ಬರೆದಳು. ನಮ್ಮತ್ತೆ ಅಮಾವಾಸ್ಯೆಯಿಂದ ಹುಣ್ಣಿಮೆವರೆಗೆ ನಮ್ಮಲ್ಲಿ ಉಣ್ಣುತ್ತಾರೆ, ಹುಣ್ಣಿಮೆಯಿಂದ ಅಮಾವಾಸ್ಯೆವರೆಗೆ ಅವರಲ್ಲಿ. ಹುಣ್ಣಿಮೆ ಇನ್ನೂ ಎರಡು ದಿನವಿದೆ ಎನ್ನುವಾಗಲೇ ಅವರ ಹಾಸಿಗೆ ಸುತ್ತಿ ಗೋಡೆಯಾಚೆ ಕಳಿಸುತ್ತಿದ್ದವಳು ನಾನು. ಅಮಾವಾಸ್ಯೆ ಯಾವಾಗ ಎಂದು ಕ್ಯಾಲೆಂಡರ್ ನೋಡುತ್ತ ಕೂರುತ್ತಿದ್ದವಳು ಅವಳು. ಅನ್ನ ಹಾಕಲು ಬೇಡವಾಗಿದ್ದ ಮುದುಕಿ ಭಾಗಾಕಾರಕ್ಕೆ ಇಬ್ಬರಿಗೂ ಬೇಕಾದರು.

ಅತ್ತೆಗೆ ಇದು ತಿಳಿದು ಕಟ್ಟೆಯ ಮೇಲೆ ಕುಳಿತು ಕರೆಸಿದರು. “ನನ್ನ ಅರ್ಧ ಅಲ್ಲಿ ಬರೀರಿ, ಅರ್ಧ ಇಲ್ಲಿ ಬರೀರಿ. ಹೆಂಗೂ ನನ್ನ ಎರಡು ಹೋಳು ಮಾಡೀರಿ.”

ನೆಗೆಣ್ಣಿ ಬಿಡಲಿಲ್ಲ. “ಆತ್ರಿ ಅತ್ತಿ. ಆದ್ರ ತಿಂಗಳ ಕೂಸು ತಲಿ ಹೆಂಗಾಗ್ತದ್ರಿ? ಅದು ಕೊಡ ಎತ್ತಿ ನೀರು ಕುಡಿತದೇನು?”

“ನಿನ್ನ ಗಂಡ ಒಂದು ಬಕೀಟಿನಾಗ ಜಳಕ ಮಾಡ್ತಾನ. ಕೂಸಿನ ಬಟ್ಟಿಗೆ ಮೂರು ಬಕೀಟ ಬೇಕು” ಎಂದು ನಾನು ಗೋಡೆಗೆ ಮುಖ ಮಾಡಿ ಹೇಳಿದೆ. ಅವಳಿಗೆ ನೇರ ಹೇಳುವಂತಿರಲಿಲ್ಲವಲ್ಲ.

“ಕೂಸೂ ತಲಿನೇ” ಎಂದರು ಅತ್ತೆ. “ಇಬ್ಬರದೂ ನಾಕೂವರಿ. ಭಾಗಿಸು.”

ಭಾಗಿಸಿದೆ. ನಮ್ಮದು ತಲೆಗೆ ತಿಂಗಳಿಗೆ ಮೂರು ಸಾವಿರದ ನಾಲ್ಕು ಲೀಟರ್. ಅವರದು ಎರಡು ಸಾವಿರದ ಐನೂರ ಐವತ್ತಮೂರು. ದಿನಕ್ಕೆ ಇಳಿಸಿದರೆ ನಮ್ಮದು ನೂರು, ಅವರದು ಎಂಬತ್ತೈದು. ಮೊದಲನೇ ಪಾಳಿ ಅವಳಿಗೆ ಹೋಯಿತು. ಅವಳು ಒಳಗೆ ಹೋಗುವಾಗ ಸೆರಗು ಝಾಡಿಸಿಕೊಂಡು ಹೋದ ಚಂದ ಇಂದಿಗೂ ನನ್ನ ಕಣ್ಣಲ್ಲಿದೆ, ಸುಟ್ಟು ಬರಲಿ ಅದಕ್ಕೆ.

ಆ ಸಿಟ್ಟನ್ನು ನಾನು ಯಾರ ಮೇಲೆ ಹಾಕಿದೆ? ಮಗಳ ಮೇಲೆ. “ಎರಡು ಹಂಡಿ ಯಾಕ ಬೇಕು ನಿನಗ? ಒಂದರಾಗ ಮುಗಸು. ನಿನ್ನ ಸಲುವಾಗಿ ಆ ಹಡಬಿ ಮುಂದ ತಲಿ ತಗ್ಗಿಸಿ ನಿಂತೆ ನಾನು.” ಮಗಳು ಕೂಸಿಗೆ ಹಾಲು ಕುಡಿಸುತ್ತಿದ್ದಳು. “ಆತವ್ವಾ, ಒಂದರಾಗ ಮಾಡ್ತೀನಿ” ಎಂದಳು.

ಮಾಡಿದಳು ಕೂಡ. ನಾನೇ ಎರೆಯುತ್ತಿದ್ದೆನಲ್ಲ, ನನಗೆ ಗೊತ್ತಿಲ್ಲವೇ? ಸೊಂಟದ ಮೇಲೆ ಬಿಸಿನೀರು ಬೀಳುತ್ತಿರುವಾಗ ಕಣ್ಣುಮುಚ್ಚಿ ಕುಳಿತಿರುತ್ತಿದ್ದವಳು ಈಗ ಹಂಡೆಯ ಕಡೆಯೇ ನೋಡುತ್ತ ಕೂರುತ್ತಿದ್ದಳು. ಅರ್ಧ ಹಂಡೆಗೆ ಬರುತ್ತಲೇ “ಸಾಕವ್ವಾ” ಎಂದು ಏಳುವಳು. ಮೈಗೆ ಹಚ್ಚಿದ ಎಣ್ಣೆ ಪೂರ್ತಿ ಹೋಗದೆ ಕುತ್ತಿಗೆಯಲ್ಲಿ ಜಿಡ್ಡು ನಿಲ್ಲುತ್ತಿತ್ತು. ಕೂಸಿನ ಬಟ್ಟೆಯನ್ನು ಮೂರು ಸಲ ಜಾಲಿಸುತ್ತಿದ್ದವಳು ಒಂದೇ ಸಲ ಜಾಲಿಸಿ ಹಿಂಡುತ್ತಿದ್ದಳು, ಆ ನೀರನ್ನೂ ಪಾಯಖಾನೆಗೆ ಎತ್ತಿಡುತ್ತಿದ್ದಳು. ಎರಡನೇ ಪಾಳಿಯಲ್ಲಿ ನಮಗೆ ಬರುತ್ತಿದ್ದುದೂ ಅಷ್ಟರಲ್ಲೇ ಇತ್ತು. ಕೂಸಿಗೆ ತೊಡೆಸಂದಿಯಲ್ಲಿ ಕೆಂಪಗೆ ಎದ್ದಿತು. ಇನ್ನೊಂದೇ ತಿಂಗಳು, ಪಾಳಿ ನಮ್ಮದಾದರೆ ಎಲ್ಲ ಸರಿಹೋಗುತ್ತದೆ ಎಂದು ನಾನೇ ಸಮಾಧಾನ ಹೇಳಿದೆ.

ಮುಂದಿನ ಒಂದನೇ ತಾರೀಖು ಬಂತು. ಫೋಟೊ ಬಂತು. ನಮ್ಮದು 00242.041. ಅವರದು 00219.412.

ಕಳೆದೆ. ಎರಡು ಸಲ ಕಳೆದೆ. ನಮ್ಮದು 14.135. ಕಡಿಮೆಯಾಗುವುದಿರಲಿ, ಆರುನೂರು ಲೀಟರ್ ಏರಿತ್ತು! ಅವರದು 9.180ಕ್ಕೆ ಇಳಿದಿತ್ತು. ನಾಲ್ಕೂವರೆಯಿಂದ ಭಾಗಿಸಿದರೆ ನಮ್ಮದು ತಲೆಗೆ ಮೂರು ಸಾವಿರದ ನೂರ ನಲವತ್ತೊಂದು, ಅವರದು ಎರಡು ಸಾವಿರದ ನಲವತ್ತು. ಗ್ರೂಪಿನಲ್ಲಿ ನೆಗೆಣ್ಣಿಯ ಸಂದೇಶ: “ನಾವು ಕೈ ಹಿಡಿದು ಬಳಸೀವಿ. ಕೆಲವರು ಬಾಣಂತನ ಅಂತ ಹೇಳಿ ಹೊಲಕ್ಕ ನೀರು ಬಿಟ್ಟಾರ.” ಕೆಳಗೆ ಕೈ ಮುಗಿಯುವ ಎರಡು ಚಿತ್ರ.

ನನ್ನ ತಲೆ ಕೆಟ್ಟಿತು. ಈಗ ಕೂತು ಯೋಚಿಸಿದರೆ ಅನಿಸುತ್ತದೆ, ಹಂಡೆ ಅರ್ಧವಾದದ್ದನ್ನು ನನ್ನ ಕಣ್ಣೇ ಕಂಡಿತ್ತು, ಎರಡನೇ ಪಾಳಿಯಲ್ಲಿ ನಲ್ಲಿ ಸೊರಗಿದ್ದನ್ನು ನನ್ನ ಕೈಯೇ ಬಲ್ಲದು. ಅಂಥದ್ದರಲ್ಲಿ ಮೀಟರ್ ಹೇಗೆ ಏರೀತು ಎಂದು ಒಂದು ಮಾತು ಕೇಳಿಕೊಳ್ಳಬಾರದೇ? ಆದರೆ ಅಂಕಿ ಎದುರಿಗಿತ್ತು, ಫೋಟೊ ಸ್ಪಷ್ಟವಾಗಿತ್ತು, ಕಳೆದದ್ದು ಸರಿಯಿತ್ತು. ಲೆಕ್ಕ ಸುಳ್ಳು ಹೇಳುವುದಿಲ್ಲ ಎಂದು ಇಪ್ಪತ್ತು ವರ್ಷ ಮಕ್ಕಳಿಗೆ ಹೇಳಿಕೊಟ್ಟವಳು ನಾನು. ಲೆಕ್ಕ ಸುಳ್ಳು ಹೇಳದಿದ್ದರೆ ಸುಳ್ಳು ಹೇಳುತ್ತಿರುವುದು ಮಗಳೇ ಇರಬೇಕು.

“ನಾ ಬಜಾರಕ್ಕ ಹೋದಾಗ ನೀರು ಬಿಟಗೊಂಡು ಕೂಡ್ತಿ ಹೌದಿಲ್ಲ?” ಎಂದೆ.

“ಇಲ್ಲವ್ವಾ.”

“ಮತ್ತ ಹದಿನಾಕು ಸಾವಿರ ಲೀಟರ್ ಎಲ್ಲಿ ಹೋತು? ನಾ ಕುಡದ್ನೇನು? ನಿಮ್ಮಪ್ಪ ಕುಡದಾನೇನು? ನನ್ನ ಮುಂದ ಸಾಕವ್ವಾ ಸಾಕವ್ವಾ ಅಂತಿ, ನನ್ನ ಬೆನ್ನ ಹಿಂದ ಹರಸ್ತಿ. ಕಳ್ಳಿ!”

ಆ ಮಾತು ಬಾಯಿಂದ ಹೋಯಿತು. ಗೋಡೆಯಾಚೆ ಬಳೆ ಸದ್ದು ನಿಂತಿತು, ಅವಳು ಕಿವಿಗೊಟ್ಟು ಕೇಳುತ್ತಿದ್ದಳೆಂದು ತಿಳಿದೂ ನಾನು ನಿಲ್ಲಿಸಲಿಲ್ಲ. “ನಿಮ್ಮತ್ತಿ ಮನ್ಯಾಗ ಬೇಕಾದಂಗ ಹರಿಸಿ ರೂಢಿ ಆಗ್ಯಾದ ನಿನಗ” ಎಂದೆ. ಮಗಳು ನನ್ನನ್ನು ನೋಡಿದಳು. ಅಳಲಿಲ್ಲ. ಕೂಸನ್ನು ತೊಟ್ಟಿಲಿಗೆ ಹಾಕಿ, ಫೋನ್ ತೆಗೆದು ಗಂಡನಿಗೆ ಹಚ್ಚಿದಳು. “ನಾಳಿಗೆ ಬಂದು ಕರಕೊಂಡು ಹೋಗ್ರಿ” ಎಂದಷ್ಟೇ ಹೇಳಿದಳು.

ನನ್ನ ಗಂಡ ಜೀವಮಾನದಲ್ಲಿ ಮೊದಲ ಸಲ ನನಗೆ ಎದುರಾಡಿದ್ದು ಅಂದು. “ಹೆಣ್ಣಮಗಳಿಗೆ ನೀರಿನ ಲೆಕ್ಕ ಕೇಳ್ತಿ ಅಲ್ಲ, ನೀ ಅವ್ವನೋ ಸಾವಕಾರನೋ?” ಎಂದರು. ನಾನು ಅವರಿಗೂ ಫೋಟೊ ತೋರಿಸಿದೆ. ಅವರು ನೋಡಲಿಲ್ಲ.

ಅಳಿಯ ಜೀಪು ತಂದಿದ್ದ. ಎರಡು ತಿಂಗಳ ಬಾಣಂತಿಯನ್ನು, ಐದು ತಿಂಗಳು ಇಟ್ಟುಕೊಳ್ಳುತ್ತೇನೆ ಎಂದ ಮಗಳನ್ನು, ಉಡಿ ತುಂಬಿ ಕಳಿಸಲೂ ನನಗೆ ಬಿಗುಮಾನ. ಅತ್ತೆಯೇ ಅಕ್ಕಿ ಕೊಬ್ಬರಿ ತಂದು ಉಡಿಗೆ ಹಾಕಿದರು. ಜೀಪು ತಿರುಗುವಾಗ ನೆಗೆಣ್ಣಿ ಅವಳ ಬಾಗಿಲಲ್ಲಿ ನಿಂತು ಕೂಸಿಗೆ ದೃಷ್ಟಿ ತೆಗೆದಂತೆ ಕೈ ನಿವಾಳಿಸಿದಳು. ಅದನ್ನು ಕಂಡು ನನಗೆ ಇನ್ನಷ್ಟು ಉರಿಯಿತು.

ಆ ತಿಂಗಳಿಡೀ ನಾನೂ ನನ್ನ ಗಂಡನೂ ಒಬ್ಬರಿಗೊಬ್ಬರು ಮಾತಾಡಿದ್ದು ಉಪ್ಪು ಹುಳಿಯಷ್ಟೇ. ಮನೆಯಲ್ಲಿ ಒಗೆಯಲು ಏನೂ ಇರಲಿಲ್ಲ. ಹಂಡೆ ಬೋರಲು ಬಿದ್ದಿತ್ತು. ಈ ಸಲ ಮೀಟರ್ ಇಳಿದೇ ಇಳಿಯುತ್ತದೆ, ಆಗ ಯಾರು ನೀರು ಹರಿಸಿದ್ದು ಎಂಬುದು ಶಹಾಪುರದವರೆಗೂ ಗೊತ್ತಾಗಲಿ ಎಂದು ಹಲ್ಲು ಕಚ್ಚಿಕೊಂಡು ಕಾದೆ. ಇಂಥ ಹಟ ಇರುವ ಹೆಂಗಸಿಗೆ ದೇವರು ಏನು ಕೊಡಬೇಕೋ ಅದನ್ನೇ ಕೊಟ್ಟ.

ಒಂದನೇ ತಾರೀಖಿನ ಫೋಟೊ: ನಮ್ಮದು 00255.911, ಅವರದು 00225.317. ನಮ್ಮದು 13.870. ಅವರದು 5.905.

ಮನೆಯಲ್ಲಿದ್ದವರು ನಾನು, ಗಂಡ, ಅರ್ಧ ಅತ್ತೆ. ಎರಡೂವರೆ ತಲೆ. ಹದಿಮೂರು ಸಾವಿರದ ಎಂಟುನೂರ ಎಪ್ಪತ್ತನ್ನು ಎರಡೂವರೆಯಿಂದ ಭಾಗಿಸಿದರೆ ತಲೆಗೆ ಐದು ಸಾವಿರದ ಐನೂರ ನಲವತ್ತೆಂಟು. ದಿನಕ್ಕೆ ನೂರ ಎಂಬತ್ತೈದು ಲೀಟರ್. ಹದಿನೈದು ಲೀಟರಿನ ಬಕೀಟಿನಲ್ಲಿ ಹನ್ನೆರಡು ಬಕೀಟ. ನಾನು ದಿನಾ ಹನ್ನೆರಡು ಬಕೀಟ ನೀರು ಏನು ಮಾಡುತ್ತೇನೆ, ಈಜುತ್ತೇನೆಯೇ? ಅವರದು ಭಾಗಿಸಿದೆ. ನಾಲ್ಕೂವರೆ ತಲೆಗೆ ಐದು ಸಾವಿರದ ಒಂಬೈನೂರ ಐದು. ತಲೆಗೆ ಸಾವಿರದ ಮುನ್ನೂರ ಹನ್ನೆರಡು, ದಿನಕ್ಕೆ ನಲವತ್ನಾಲ್ಕು ಲೀಟರ್. ವಾರಕ್ಕೆರಡು ಸಲ ಅಂಗಳಕ್ಕೆಲ್ಲ ಪೈಪು ಹಿಡಿದು ತೊಳೆಯುವ ಹೆಂಗಸು ನಲವತ್ನಾಲ್ಕು ಲೀಟರಿನಲ್ಲಿ ಬದುಕುತ್ತಾಳೆಯೇ? ಒಟ್ಟು ಅಂಕಿ ನೋಡಿದಾಗ ಹೊಳೆಯದ್ದು ತಲೆಗೆ ಭಾಗಿಸಿದಾಗ ಕಣ್ಣಿಗೆ ಹೊಡೆಯಿತು.

ನಮ್ಮ ಕಡೆ ಎಲ್ಲೋ ಪೈಪು ಒಡೆದು ಸೋರುತ್ತಿರಬೇಕು ಎಂದುಕೊಂಡು ನಗರಸಭೆಯ ನೀರು ಬಿಡುವವನಿಗೆ ಫೋನು ಮಾಡಿದೆ. ನೀರು ಬರುವ ದಿನವೇ ಬಂದ. ರಂಗಂಪೇಟೆಯವನೇ, ಮಸೀದಿ ಓಣಿಯವನು. ಇಪ್ಪತ್ತು ವರ್ಷದಿಂದ ವಾಲ್ವು ತಿರುಗಿಸಿ ತಿರುಗಿಸಿ ಅಂಗೈ ಚಪ್ಪಲಿಯಂತಾಗಿತ್ತು. ಮೊದಲನೇ ಪಾಳಿ ಅವರದು, ಅವರ ಸಂಪಿನಲ್ಲಿ ನೀರು ಬೀಳುತ್ತಿತ್ತು. ಅವನು ಮುಚ್ಚಳ ಎತ್ತಿ ಗುಂಡಿಗೆ ಬಗ್ಗಿದ.

“ನಿಮ್ಮ ನಲ್ಲಿ ಬಂದ್ ಅದೇನ್ರಿ ಅಕ್ಕಾರ?”

“ಬಂದ್ ಅದ.”

“ನೋಡ್ರಿ ಮತ್ತ. ನಿಮ್ಮ ಮೀಟರ್ ಓಡಾಕತ್ತದ.”

ಬಗ್ಗಿ ನೋಡಿದೆ. ಎಡದ ಮೀಟರಿನ ಕೊನೆಯ ಅಂಕಿ ಬದಲಾಗುತ್ತಲೇ ಇತ್ತು, ಒಂದೊಂದು ಲೀಟರಿಗೆ ಒಂದೊಂದು. “ಹೇಳಿದ್ನಿಲ್ಲ? ಸೋರಾಕತ್ತದ!” ಎಂದೆ.

“ತಡೀರಿ, ಗಡಬಡ ಮಾಡಬ್ಯಾಡ್ರಿ” ಎಂದು ಅವನು ಆ ಮನೆಯ ಬಾಗಿಲಿಗೆ ಹೋಗಿ ನೆಗೆಣ್ಣಿಗೆ ನಲ್ಲಿ ಮುಚ್ಚಲು ಹೇಳಿದ. ಅವಳು ಗೊಣಗುತ್ತ ಮುಚ್ಚಿದಳು. ನಮ್ಮ ಮೀಟರ್ ನಿಂತುಬಿಟ್ಟಿತು. ಅವನು ನನ್ನ ಮುಖ ನೋಡಿದ. “ಈಗ ನೀವು ಬಕೀಟ ಹಚ್ಚಿ ನಲ್ಲಿ ಬಿಡ್ರಿ. ಬರೋಬ್ಬರಿ ತುಂಬಿದ ಮ್ಯಾಲೆ ಬಂದ್ ಮಾಡ್ರಿ.” ಬಿಟ್ಟೆ. ಬಕೀಟ ತುಂಬಿಸಿ ಓಡಿ ಬಂದೆ. ಎಡದ್ದು ಒಂದಂಕಿಯೂ ಕದಲಿರಲಿಲ್ಲ. ಬಲದ್ದು 225.760 ಇದ್ದದ್ದು 225.775 ಆಗಿತ್ತು. ಹದಿನೈದು ಲೀಟರ್. ನನ್ನ ಬಕೀಟು.

“ಗಲತ್ ಆಗ್ಯಾದ್ರಿ. ಪೈಪು ಹಾಕಿದಾಂವ ಕಟ್ಟಿ ಕೆಳಗ ಅದಲಬದಲ ಮಾಡ್ಯಾನ. ನಿಮ್ಮ ಬಾಗಲ ಮುಂದಿನ ಮೀಟರ್ ಅವರದು, ಅವರ ಬಾಗಲ ಮುಂದಿಂದು ನಿಮ್ಮದು. ಮೊದಲ ದಿನಾನೇ ಒಂದು ಬಕೀಟ ತುಂಬಿ ನೋಡಿದ್ರ ಗೊತ್ತಾಗ್ತಿತ್ತು.”

ನೀರು ಹರಿಯುವ ಹೊತ್ತಿನಲ್ಲಿ ನಾವಿಬ್ಬರೂ ಒಳಗೆ ತುಂಬಿಕೊಳ್ಳುವ ಗಡಿಬಿಡಿಯಲ್ಲಿರುತ್ತಿದ್ದೆವು. ಫೋಟೊ ಹೊಡೆದದ್ದೆಲ್ಲ ನೀರು ಬರದ ಹೊತ್ತಿನಲ್ಲಿ. ಓಡುತ್ತಿರುವ ಮೀಟರನ್ನು ಎರಡು ವರ್ಷದಲ್ಲಿ ಒಬ್ಬರೂ ಬಗ್ಗಿ ನೋಡಿರಲಿಲ್ಲ.

ಅತ್ತೆ ಕಟ್ಟೆಯ ಮೇಲಿಂದ ಎಲ್ಲ ನೋಡುತ್ತಿದ್ದರು. “ಎತ್ತಿಗೆ ಜ್ವರ ಬಂದ್ರ ಎಮ್ಮಿಗೆ ಬರಿ ಎಳದ್ರಂತ” ಎಂದು ಎಲೆಯಡಿಕೆ ಉಗಿದರು. “ಇವತ್ತಿಂದ ಮೊದಲನೇ ಪಾಳಿ ದೊಡ್ಡಾಕಿದು.”

ನೆಗೆಣ್ಣಿ ಸೋತಳು ಎಂದು ನಾನು ಅವಳ ಕಡೆ ತಿರುಗಿದೆ. ಎರಡು ವರ್ಷದ ಮೇಲೆ ಅವಳು ನನಗೆ ನೇರ ಮಾತಾಡಿದ್ದು ಆಗಲೇ. “ಪಾಳಿ ತೊಗೊ ಅಕ್ಕಾ, ಉಪ್ಪಿನಕಾಯಿ ಹಾಕ್ಕೋ. ಆಚಿ ತಿಂಗಳು ನೀರು ಕಡಿಮಿ ಮಾಡಿದ್ದು ನಾವಲ್ಲ ಅಂದಂಗಾತು. ನಿನ್ನ ಮಗಳು ಖರೇನ ಹೇಳಿದ್ಳು. ಗ್ವಾಡಿ ಈ ಕಡಿ ನಿಂತು ಕೇಳೀನಿ ನಾ, ಏನಂತ ಕರದಿ ಅಂತ.” ಬಾಗಿಲು ಹಾಕಿಕೊಂಡಳು.

ಅಂದು ಮಧ್ಯಾಹ್ನ ಹಳೆಯ ಹಾಳೆ ತೆಗೆದು ಮತ್ತೆ ಲೆಕ್ಕ ಮಾಡಿದೆ, ಈ ಸಲ ಸರಿಯಾದ ಮೀಟರಿನದು. ಮಗಳು ಹೋದ ತಿಂಗಳು ನಾವು ಎರಡೂವರೆ ತಲೆ ಬಳಸಿದ್ದು ಐದು ಸಾವಿರದ ಒಂಬೈನೂರ ಐದು ಲೀಟರ್. ನಮ್ಮ ಖರ್ಚು ಹೆಚ್ಚುಕಡಿಮೆ ಅಷ್ಟೇ ಇರುತ್ತದೆ ಎಂದು ಹಿಡಿದು, ಹಿಂದಿನ ತಿಂಗಳುಗಳಿಂದ ಅದನ್ನು ಕಳೆದೆ. ಮೊದಲ ತಿಂಗಳು ತಾಯಿ ಕೂಸಿಗೆ ಉಳಿದದ್ದು ಐದು ಸಾವಿರದ ಐನೂರ ಎಂಬತ್ತೈದು, ದಿನಕ್ಕೆ ನೂರ ಎಂಬತ್ತಾರು ಲೀಟರ್. ನಾನು ಬೈದ ಮೇಲಿನ ತಿಂಗಳು ಮೂರು ಸಾವಿರದ ಇನ್ನೂರ ಎಪ್ಪತ್ತೈದು, ದಿನಕ್ಕೆ ನೂರ ಒಂಬತ್ತು. ದಿನಕ್ಕೆ ಐದು ಬಕೀಟು ಕಡಿಮೆ ಮಾಡಿದ್ದಳು ನನ್ನ ಮಗಳು. ಹಸಿ ಬಾಣಂತಿ, ಐದು ಬಕೀಟು. ಅವಳನ್ನೇ ಕಳ್ಳಿ ಎಂದೆ. ಹಾಳೆಯ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ. ನಾಚಿಕೆಯಿಲ್ಲದೆ ಹೇಳುತ್ತೇನೆ, ಸತ್ತರೆ ಚೆನ್ನಾಗಿತ್ತು ಎನಿಸಿತು.

ಲೆಕ್ಕದ ಹಾಳೆಯ ಫೋಟೊ ಮಗಳಿಗೆ ಕಳಿಸಿದೆ. ನೋಡಿದ್ದಾಳೆ ಎಂದು ನೀಲಿ ಗೀಟು ಬಂತು, ಉತ್ತರ ಬರಲಿಲ್ಲ. ಮೂರು ದಿನ ಫೋನು ಎತ್ತಲಿಲ್ಲ. ನಾಲ್ಕನೇ ದಿನ ಬೆಳಿಗ್ಗೆ ಶಹಾಪುರದ ಬಸ್ಸು ಹತ್ತಿದೆ.

ಬೀಗರ ಮನೆಯ ಮುಂದೆ ಮಗಳೇ ಎದುರಾದಳು. ತಲೆಗೆ ಆಗಷ್ಟೇ ನೀರು ಬಿದ್ದಿತ್ತು, ಕೂದಲಿಗೆ ಲೋಬಾನದ ಹೊಗೆ ಹಿಡಿದ ವಾಸನೆ. ಬಾ ಎನ್ನಲಿಲ್ಲ. ನಾನು ಕಟ್ಟೆಯ ಮೇಲೆಯೇ ಕುಳಿತು, ಮೀಟರ್ ಅದಲುಬದಲಾದದ್ದನ್ನು ಬಾಯಿಬಿಟ್ಟು ಹೇಳತೊಡಗಿದೆ. ಅವಳು ಅರ್ಧಕ್ಕೇ ತಡೆದಳು.

“ಹಾಳಿ ನೋಡೀನವ್ವಾ. ಮೀಟರ್ ಬ್ಯಾರೇದಂತ ಈಗ ನಂಬಿದಿ. ಬ್ಯಾರೇದು ಅಲ್ಲದಿದ್ರ? ನಾ ಇಲ್ಲ ಅಂದಿದ್ದೆ ಅಲ್ಲ, ಅದು ಸಾಕಾಗಲಿಲ್ಲ ನಿನಗ.”

ಅವಳು ಒಳಗೆ ಹೋಗಿ, ಬಿಸಿಲಲ್ಲಿ ಬಂದವರಿಗೆ ಕೊಡುವಂತೆ ಒಂದು ತಂಬಿಗೆ ನೀರು, ತಾಟಿನಲ್ಲಿ ಒಂದು ಚೂರು ಬೆಲ್ಲ ತಂದು ನನ್ನ ಮುಂದಿಟ್ಟಳು. ಹೊರಗಿನವರಿಗೆ ಇಡುವ ಹಾಗೆಯೇ ಇಟ್ಟಳು.

“ಕುಡಿ. ಇಲ್ಲಿ ಯಾರೂ ಎಣಸಂಗಿಲ್ಲ.”

“ಕೂಸಿನ್ನ ಒಂದೀಟು ತಾರವ್ವಾ” ಎಂದೆ.

“ಅತ್ತಿ ಎರಿಯಾಕತ್ತಾರ. ಮುಗಿಯೂದು ಹೊತ್ತಾಗ್ತದ” ಎಂದು ಒಳಗೆ ಹೋದಳು. ಬಚ್ಚಲಿನಿಂದ ಬೀಗತಿಯ ಹಾಡು, ಕೂಸಿನ ಕೇಕೆ, ಚರಿಗೆಯ ಮೇಲೆ ಚರಿಗೆ ನೀರು ಸುರಿಯುವ ಸದ್ದು ಕೇಳುತ್ತಿತ್ತು. ಮಧ್ಯಾಹ್ನದ ಬಸ್ಸಿನವರೆಗೆ ನಾನು ಕಟ್ಟೆಯ ಮೇಲೆಯೇ ಕುಳಿತಿದ್ದೆ.